ಒತ್ತಿಲ್ಲ, ದೀರ್ಘ ಇಲ್ಲ, ಆದರೂ ವಿಷಯ ಪೂರ್ತಿ ಉಂಟು

ಮನೆಯಲ್ಲಿ ತುಳು ಮಾತಾಡುವ, ಶಾಲೆಯಲ್ಲಿ ಕನ್ನಡ ಕಲಿಯುವ ಎರಡನೇ ಕ್ಲಾಸಿನ ಮಗು ಅಜ್ಜಿಗೊಂದು ಚೀಟಿ ಬರೆದಿದೆ ಅಂತ ಇಟ್ಟುಕೊಳ್ಳಿ. ಉಡುಪಿ, ಮಂಗಳೂರು ಕಡೆಯ ಯಾವ ಮನೆಯಲ್ಲೂ ಸಿಗಬಹುದಾದ ಚೀಟಿ:

"ಅಜಿ ನನು ನಳೆ ಬರುದಿಲ ಸಲೆಲಿ ಡನಸ ಉಟು ಸುರಯಣ ಬರತನೆ ಮಿನ ಇಡಿ"

ದೊಡ್ಡವರ ಕೈ ಮೊದಲು ಹೋಗುವುದು ಕೆಂಪು ಪೆನ್ನಿಗೆ. ಪೆನ್ನು ಅಲ್ಲೇ ಇರಲಿ, ಚೀಟಿಯನ್ನು ಒಮ್ಮೆ ಜೋರಾಗಿ, ಸ್ವಲ್ಪ ವೇಗವಾಗಿ ಓದಿ. ಕಣ್ಣಿಗೆ ತಪ್ಪು ಕಾಣುವಲ್ಲಿ ಕಿವಿಗೆ ಮಾತು ಕೇಳುತ್ತದೆ. ಒಂದೊಂದೇ ಅಕ್ಷರ ಬಿಡಿಸಿ ಓದಿದರೆ ಮಾತ್ರ ಏನೂ ಹತ್ತುವುದಿಲ್ಲ.

ಇಲ್ಲಿ ಬಿಟ್ಟುಹೋದದ್ದು ಏನು ನೋಡಿ. ಮೂಲ ಅಕ್ಷರಗಳು ಹೆಚ್ಚುಕಮ್ಮಿ ಎಲ್ಲವೂ ಇವೆ. ಹೋದದ್ದು ದೀರ್ಘ, ಒತ್ತು, ಸೊನ್ನೆ. ಹಾಗಾಗಿ ಓದುವಾಗ ಮೊದಲು ದೀರ್ಘ ಸೇರಿಸಿ: ನಾನು, ನಾಳೆ. ಮತ್ತೆ ಒತ್ತು: ಅಜ್ಜಿ, ಬರುದಿಲ್ಲ. ಕೊನೆಗೆ ಸೊನ್ನೆ: ಉಂಟು. ಮುಕ್ಕಾಲು ಚೀಟಿ ಇಷ್ಟರಲ್ಲೇ ಬಿಡಿಸಿಕೊಳ್ಳುತ್ತದೆ. 'ಸಲೆಲಿ' ಅಂದರೆ ಶಾಲೆಯಲ್ಲಿ, 'ಡನಸ' ಅಂದರೆ ಡ್ಯಾನ್ಸ್.

'ಸುರಯಣ' ಸ್ವಲ್ಪ ಹೊತ್ತು ನೋಡಬೇಕಾದದ್ದು. ಅದು ಸೂರ್ಯಣ್ಣ. ಅರ್ಕಾವೊತ್ತು ಹಾಕಿ ಬರೆಯುವಾಗ ರ ಬಾಯಲ್ಲಿ ಮೊದಲು ಬರುತ್ತದೆ, ಕಾಗದದಲ್ಲಿ ಅದರ ಗುರುತು ಯ ಆದ ಮೇಲೆ ಬರುತ್ತದೆ. ಮಗು ಕೇಳಿದ ಕ್ರಮದಲ್ಲೇ ಬರೆದಿದೆ: ಸು, ರ, ಯ. ಕಿವಿ ಸರಿಯಾಗಿಯೇ ಕೆಲಸ ಮಾಡಿದೆ, ಲಿಪಿಯ ಆ ಒಂದು ತಿರುವು ಇನ್ನೂ ಕೈಗೆ ಬಂದಿಲ್ಲ ಅಷ್ಟೆ. 'ಬರತನೆ' ಕೂಡ ಹಾಗೆಯೇ, ಬರ್ತಾನೆ. ಇನ್ನು 'ಮಿನ' ಅಂತ ಬರೆದದ್ದು ಮೀನು ಬರೆಯಲು ಹೋಗಿ ಕೊಂಬು ಬಿಟ್ಟದ್ದೇ ಆಗಬೇಕಂತಿಲ್ಲ. ತುಳುವಿನಲ್ಲಿ ಮೀನ್ ಅಂತಲೇ ಹೇಳುವುದು. ಮನೆಯ ಮಾತು ಚೀಟಿಗೆ ಇಳಿದಿರಬಹುದು.

ನಿಜವಾದ ಗೊಂದಲ ಇರುವುದು ಕೊನೆಯ ಎರಡು ಪದದಲ್ಲಿ. ಮೀನು ತೆಗೆದಿಡಿ ಅಂತಲೋ, ಇಡೀ ಮೀನು ಬೇಕು ಅಂತಲೋ? ತೆಗೆದಿಡುವುದಾದರೆ ತನಗೋ, ಬರುವ ಸೂರ್ಯಣ್ಣನಿಗೋ? ಇಲ್ಲಿ ಊಹೆ ಮಾಡಿ ಮುಂದೆ ಹೋಗಬೇಡಿ, ನಮಗೆ ಬೇಕಾದ ಅರ್ಥವನ್ನು ನಾವೇ ತುಂಬಿಸಿಬಿಡುತ್ತೇವೆ. ಕೇಳಿ, ಆದರೆ ಮೀನಿನ ಬಗ್ಗೆ ಕೇಳಿ. "ಇದೆಂತ ಬರೆದದ್ದು?" ಅಂದರೆ ಮಗು ಚೀಟಿ ಕಿತ್ತುಕೊಂಡು ಓಡುತ್ತದೆ. "ಮೀನು ಯಾರಿಗೆ ಇಡುವುದು ಮಗಾ?" ಅಂದರೆ ಉತ್ತರ ಸಿಗುತ್ತದೆ. ಕೇಳುವುದಾದರೆ ಅದೇ ದಿನ ಕೇಳಬೇಕು. ಎರಡು ದಿನ ಬಿಟ್ಟರೆ ಎಷ್ಟೋ ಮಕ್ಕಳಿಗೆ ತಾವೇ ಬರೆದದ್ದು ಓದಲು ಬರುವುದಿಲ್ಲ, ಯಾಕೆಂದರೆ ಅವರು ಅರ್ಧ ನೆನಪಿನಿಂದಲೇ ಓದುವುದು.

ಉತ್ತರ ಬರೆದೇ ಕೊಡಿ. "ನಾಳೆ ಬರುವುದಿಲ್ಲವಾ? ಶಾಲೆಯಲ್ಲಿ ಎಂತ ಡ್ಯಾನ್ಸ್ ಉಂಟು? ಸೂರ್ಯಣ್ಣ ಎಷ್ಟು ಹೊತ್ತಿಗೆ ಬರ್ತಾನೆ?" ಮಗು ಬಳಸಿದ ಪದಗಳೇ ಸರಿಯಾದ ರೂಪದಲ್ಲಿ ಅದರ ಕಣ್ಣಿಗೆ ಬಿದ್ದವು. ಅಡಿಗೆರೆ ಬೇಡ, ದಪ್ಪ ಅಕ್ಷರ ಬೇಡ. ಹಾಗೆ ಮಾಡಿದರೆ ಅದು ಮತ್ತೆ ಕಾಪಿ ಬರಹವೇ ಆಯಿತು, ಮುಂದಿನ ಸಲ ಮಗು ತನಗೆ ಗೊತ್ತಿರುವ ನಾಲ್ಕು ಪದದಲ್ಲೇ ಚೀಟಿ ಮುಗಿಸುತ್ತದೆ. ಸೂರ್ಯಣ್ಣನ ಸುದ್ದಿ ಬರುವುದೇ ಇಲ್ಲ. ಹಾಗಾದರೆ ಕಾಗುಣಿತ ಯಾವಾಗ ಕಲಿಸುವುದು ಅಂತ ಕೇಳುತ್ತೀರಿ. ಬೇರೆ ಹೊತ್ತಿನಲ್ಲಿ, ಬೇರೆ ಪುಸ್ತಕದಲ್ಲಿ, ಧಾರಾಳ ಕಲಿಸಿ. ಮಗು ಎಲ್ಲಿಗೆ ಮುಟ್ಟಿದೆ ಅಂತ ಚೀಟಿಯೇ ತೋರಿಸುತ್ತದೆ: ಗುಡಿಸು, ಏತ್ವ ಬಂದಿದೆ, ದೀರ್ಘ ಮತ್ತು ಒತ್ತು ಬಾಕಿ.

ಯೋಚಿಸಬೇಕಾದ ಗುರುತು ಬೇರೆ. ಮೂಲ ಅಕ್ಷರಗಳೇ ಮತ್ತೆ ಮತ್ತೆ ಹಾರಿಹೋಗುತ್ತಿದ್ದರೆ, ಅಥವಾ ಬರೆದ ಗಳಿಗೆಯಲ್ಲೇ ಮಗುವಿಗೆ ತನ್ನ ಚೀಟಿ ಓದಲು ಆಗದಿದ್ದರೆ, ಟೀಚರ ಹತ್ತಿರ ಮಾತಾಡಿ. ಅಂಥ ನಾಲ್ಕೈದು ಚೀಟಿಗಳನ್ನು ತಾರೀಕು ಹಾಕಿ, ತಿದ್ದದೆ ಜೊತೆಗೆ ಒಯ್ಯಿರಿ. ತಿದ್ದಿದ ಚೀಟಿಯಲ್ಲಿ ಅವರಿಗೆ ಕಾಣುವುದು ನಿಮ್ಮ ಕೈಬರಹ.

ಹೊಸದಾಗಿ ಓದಲು ಕಲಿತ ದೊಡ್ಡವರು ಮೊಬೈಲಿನಲ್ಲಿ ಬರೆದದ್ದಾದರೆ ಲೆಕ್ಕ ಸ್ವಲ್ಪ ಬೇರೆ. 'ನಾಲೆ ಬರ್ತೇನೆ' ಅಂತ ಬಂದರೆ ಅವರಿಗೆ ಳ ಗೊತ್ತಿಲ್ಲ ಅಂತಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಹಲವು ಕೀಬೋರ್ಡುಗಳಲ್ಲಿ l ಒತ್ತಿದರೆ ಲ, L ಒತ್ತಿದರೆ ಳ. ಶಿಫ್ಟ್ ಬಿಟ್ಟುಹೋದರೆ ಣ ಹೋಗಿ ನ, ಟ ಹೋಗಿ ತ ಆಗುತ್ತದೆ. ಇದಕ್ಕೆ ನಕ್ಷತ್ರ ಚಿಹ್ನೆ ಹಾಕಿ "*ನಾಳೆ" ಅಂತ ತಿರುಗಿ ಕಳಿಸುವವರಿದ್ದಾರೆ. "ಆಯ್ತು, ನಾಳೆ ಎಷ್ಟು ಗಂಟೆಗೆ?" ಅಂದರೆ ಸಾಕಲ್ಲ ಮಾರಾಯ್ರೆ.