‘ಒಂದು ಡೌಟ್ ಇತ್ತು ಸರ್’ ಎಂಬ ಸಾಲಿಗೆ ತಗಲುವ ಒಂದು ದಿನ

ಕಳೆದ ಜುಲೈನಲ್ಲಿ ನಮ್ಮ ತಂಡಕ್ಕೆ ಒಬ್ಬ ಸಪೋರ್ಟ್ ಎಂಜಿನಿಯರ್ ಬೇಕಾಗಿತ್ತು. ನಾನು ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ಕೆಲಸ ಮಾಡುತ್ತೇನೆ, ತಂಡದ ಅರ್ಧ ಭಾಗ ಶಿಕಾಗೊದಲ್ಲಿದೆ. ಬೇಸಿಗೆಯಲ್ಲಿ ಅವರು ನಮಗಿಂತ 10 ಗಂಟೆ 30 ನಿಮಿಷ ಹಿಂದೆ ಇರುತ್ತಾರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಅದು 11 ಗಂಟೆ 30 ನಿಮಿಷವಾಗುತ್ತದೆ. ಬೇಸಿಗೆಯ ಲೆಕ್ಕದಲ್ಲಿ ನಮ್ಮಲ್ಲಿ ಸಂಜೆ 7 ಆದಾಗ ಅಲ್ಲಿ ಬೆಳಿಗ್ಗೆ 8.30. ಇಬ್ಬರೂ ಎದುರುಬದುರಾಗಿ ಮಾತನಾಡಲು ಸಿಗುವುದು ಆ ಹೊತ್ತಿನ ಒಂದೆರಡು ಗಂಟೆ ಮಾತ್ರ, ಉಳಿದ ಕೆಲಸವೆಲ್ಲ ಬರಹದ ಮೇಲೆಯೇ ನಡೆಯಬೇಕು.

ಹೀಗಿದ್ದರೂ ನಾನು ಮೊದಲು ಜನರನ್ನು ಆರಿಸುತ್ತಿದ್ದದ್ದು ವಿಡಿಯೊ ಕರೆಯಲ್ಲಿ ಅವರು ಮಾತನಾಡುವ ರೀತಿಯನ್ನು ನೋಡಿಯೇ. ಹಾಗೆ ಸೇರಿಸಿಕೊಂಡ ಒಬ್ಬರು ಅರಳು ಹುರಿದಂತೆ ಇಂಗ್ಲಿಷ್ ಮಾತನಾಡುತ್ತಿದ್ದರು, ಆದರೆ ದಿನದ ಕೊನೆಗೆ ಬರೆಯುತ್ತಿದ್ದದ್ದು ‘ಕೆಲಸ ನಡೆದಿದೆ, ನಾಳೆ ಮುಗಿಯುತ್ತದೆ’ ಎಂಬ ಒಂದೇ ಸಾಲು. ಯಾರ ನಾಳೆ ಎಂಬುದು ಶಿಕಾಗೊದವರಿಗೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಬುಧವಾರ ಬೆಳಿಗ್ಗೆ 9 ಆದಾಗ ಅವರಲ್ಲಿ ಇನ್ನೂ ಮಂಗಳವಾರ ರಾತ್ರಿ 10.30. ‘ಸ್ವಯಂಶಿಸ್ತು ಇದೆಯೇ’ ಎಂದು ಸಂದರ್ಶನದಲ್ಲಿ ಕೇಳಿದ್ದೆ, ‘ಇದೆ’ ಎಂದಿದ್ದರು. ಆ ಪ್ರಶ್ನೆಗೆ ‘ಇಲ್ಲ’ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ.

ಆದ್ದರಿಂದ ಈ ಸಲ ಕರೆಯನ್ನು ಅರ್ಧ ಗಂಟೆಗೆ ಇಳಿಸಿ, ಅದರ ಬದಲು ಒಂದು ಬರಹದ ಕೆಲಸವನ್ನು ಕೊಟ್ಟೆ. ಮೂರು ಗಂಟೆಗಿಂತ ಹೆಚ್ಚು ಹಿಡಿಯದಂಥ ಕೆಲಸ, ಆದರೆ ಮೂರು ದಿನಗಳಲ್ಲಿ ಹರಡಿದ್ದು: ಮಂಗಳವಾರ ಬೆಳಿಗ್ಗೆ 9ಕ್ಕೆ ಕಳಿಸುತ್ತೇನೆ, ಗುರುವಾರ ಸಂಜೆ 6ರೊಳಗೆ ಉತ್ತರ ಬರಬೇಕು. ಪ್ರಶ್ನೆಗಳನ್ನು ಎಷ್ಟಾದರೂ ಕೇಳಬಹುದು, ಆದರೆ ನಾನು ಉತ್ತರಿಸುವುದು ದಿನಕ್ಕೆ ಒಂದೇ ಸಲ, ರಾತ್ರಿ 8.30ಕ್ಕೆ. ಈ ನಿಯಮವನ್ನು ಮೊದಲೇ ತಿಳಿಸಿದ್ದೆ. ಕೆಲಸ ಮಾಡಿ ಕೊಟ್ಟವರಿಗೆಲ್ಲ, ಆಯ್ಕೆಯಾಗಲಿ ಬಿಡಲಿ, 2,000 ರೂಪಾಯಿ ಕೊಟ್ಟೆವು. ಪುಕ್ಕಟೆಯಾಗಿ ಮೂರು ದಿನ ಕಾಯಿಸುವುದು ನನಗೆ ಸರಿ ಕಾಣಲಿಲ್ಲ.

ಕೆಲಸವೆಂದರೆ ಒಬ್ಬ ಗ್ರಾಹಕರ ದೂರು. ಅವರಿಗೆ ಶಿಕಾಗೊದಲ್ಲಿ ಒಂದು, ಡೆನ್ವರ್‌ನಲ್ಲಿ ಒಂದು ಅಂಗಡಿಯಿದೆ, ಮುಖ್ಯ ಕಚೇರಿ ಶಿಕಾಗೊದಲ್ಲಿ. ಕೆಲವು ಬಿಲ್ಲುಗಳು ವರದಿಯಲ್ಲಿ ಮರುದಿನದ ದಿನಾಂಕದಲ್ಲಿ ಬರುತ್ತಿವೆ, ಎಲ್ಲವೂ ಅಲ್ಲ. ಜೊತೆಗೆ ಶಿಕಾಗೊ ಅಂಗಡಿಯ ಮೂರು ಬಿಲ್ಲುಗಳ ಸಮಯವನ್ನು ಕೊಟ್ಟಿದ್ದೆ: ಜುಲೈ 9ರ ಸಂಜೆ 6.40, 7.25 ಮತ್ತು ರಾತ್ರಿ 9.10. ಮೊದಲನೆಯದು 9ರಂದೇ ಕಾಣುತ್ತದೆ, ಉಳಿದೆರಡು 10ಕ್ಕೆ ಜಾರಿವೆ. ಕಾರಣ ಕಷ್ಟದ್ದಲ್ಲ. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇಡುತ್ತದೆ, ವರದಿ ಅದನ್ನು ಊರಿನ ಸಮಯಕ್ಕೆ ತಿರುಗಿಸದೆ ದಿನಾಂಕವನ್ನು ಎತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಶಿಕಾಗೊದ ಸಂಜೆ 7 ಎಂದರೆ ಯುಟಿಸಿಯ ನಡುರಾತ್ರಿ. ನಾನು ಬೇಕೆಂದೇ ಬಿಟ್ಟಿದ್ದ ಸಂಗತಿ ಬೇರೆ: ಡೆನ್ವರ್ ಇನ್ನೂ ಒಂದು ಗಂಟೆ ಹಿಂದಿದೆ, ಹಾಗಾದರೆ ಅಲ್ಲಿಯ ಬಿಲ್ಲಿಗೆ ಆ ಅಂಗಡಿಯ ದಿನಾಂಕ ಬೇಕೋ, ಮುಖ್ಯ ಕಚೇರಿಯ ದಿನಾಂಕ ಬೇಕೋ? ಇದನ್ನು ಕೇಳದೆ ಕೆಲಸ ಮುಗಿಯುವುದಿಲ್ಲ, ಕೇಳಿದರೆ ಉತ್ತರ ಕೂಡಲೇ ಸಿಗುವುದಿಲ್ಲ. ನೋಡಬೇಕಿದ್ದದ್ದು ಆ ನಡುವಿನ ಹೊತ್ತನ್ನು.

ಅರ್ಜಿ ಹಾಕಿದವರಲ್ಲಿ ರಾಣೆಬೆನ್ನೂರಿನ ಒಬ್ಬ ಹುಡುಗ ಮಂಗಳವಾರ ಬೆಳಿಗ್ಗೆ 10ಕ್ಕೆ ಬರೆದ: ‘ನಮಸ್ಕಾರ ಸರ್, ಒಂದು ಡೌಟ್ ಇತ್ತು.’ ಅಷ್ಟೇ. ರಾತ್ರಿ 8.30ಕ್ಕೆ ನಾನು ‘ಏನೆಂದು ಬರೆಯಿರಿ’ ಎಂದೆ. ಬುಧವಾರ ಬೆಳಿಗ್ಗೆ ಅವನು ‘ಯಾವ ಟೈಮ್ ತಗೋಬೇಕು ಸರ್’ ಎಂದು ಕೇಳಿದ. ಯಾವುದರ ಸಮಯ, ಏಕೆ ಎಂಬುದಿರಲಿಲ್ಲ. ಅವನಿಗೆ ಸರಿಯಾದ ಉತ್ತರ ಸಿಕ್ಕಿದ್ದು ಬುಧವಾರ ರಾತ್ರಿ, ಉಳಿದದ್ದು ಗುರುವಾರದ ಒಂದೇ ಹಗಲು. ಆಮೇಲೆ ಕರೆಯಲ್ಲಿ ಕೇಳಿದಾಗ ತಿಳಿಯಿತು, ಅವನು ಯುಟಿಸಿಯ ಕಾರಣವನ್ನು ಮೊದಲ ಇಪ್ಪತ್ತು ನಿಮಿಷಗಳಲ್ಲೇ ಹಿಡಿದಿದ್ದನಂತೆ. ಹಿಡಿದದ್ದನ್ನು ಬರೆದಿರಲಿಲ್ಲ, ಅಷ್ಟೆ.

ಗದಗಿನ ಹುಡುಗಿ ಮಂಗಳವಾರ ಮಧ್ಯಾಹ್ನ 1ಕ್ಕೆ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ‘ವರದಿ ಯುಟಿಸಿ ದಿನಾಂಕವನ್ನೇ ತೋರಿಸುತ್ತಿದೆ, ಹಾಗಾಗಿ ಶಿಕಾಗೊದಲ್ಲಿ ಸಂಜೆ 7ರ ನಂತರದ ಬಿಲ್ಲುಗಳಿಗೆ ಮಾತ್ರ ತೊಂದರೆ. ಡೆನ್ವರ್‌ಗೆ ಅಂಗಡಿಯ ದಿನಾಂಕ ಬೇಕೋ ಕಚೇರಿಯದೋ ದೂರಿನಲ್ಲಿಲ್ಲ. ಅಂಗಡಿಯದು ಎಂದುಕೊಂಡು ಮುಂದುವರಿಯುತ್ತೇನೆ. ತಪ್ಪಾದರೆ ಒಂದು ಕಡೆ ಬದಲಿಸಿದರೆ ಸಾಕು, ಉಳಿದದ್ದು ಕೆಡುವುದಿಲ್ಲ. ಬುಧವಾರ ಸಂಜೆ 6ಕ್ಕೆ, ಭಾರತದ ಸಮಯ, ಮೊದಲ ಕರಡು ಕಳಿಸುತ್ತೇನೆ.’ ಇಂಗ್ಲಿಷ್ ವ್ಯಾಕರಣ ಎರಡು ಮೂರು ಕಡೆ ಎಡವಿತ್ತು. ನಾನು ಅದಕ್ಕೆ ಒಂದು ಅಂಕವನ್ನೂ ಕಳೆಯಲಿಲ್ಲ, ಕಳೆಯುವುದೂ ತಪ್ಪು ಎನ್ನುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಡೆಯ ಹುಡುಗರು ಕ್ರಿಯಾಪದಕ್ಕೆ ಹೆದರಿ ಬರೆಯುವುದನ್ನೇ ಮೊಟಕು ಮಾಡುತ್ತಾರೆ, ಓದುವವರಿಗೆ ತೊಡಕಾಗುವುದು ಆ ಮೊಟಕಿನಿಂದಲೇ.

ಶಿಸ್ತಿನ ವಿಷಯ ಬುಧವಾರ ಕಂಡಿತು. ಮಧ್ಯಾಹ್ನ 2ಕ್ಕೆ ಅವಳ ಇನ್ನೊಂದು ಸಂದೇಶ: ‘ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಕರಡು 6ರ ಬದಲು ರಾತ್ರಿ 9ಕ್ಕೆ ಬರುತ್ತದೆ.’ ಬಂದದ್ದು 8.50ಕ್ಕೆ. ಬೆಳಿಗ್ಗೆ ಐದಕ್ಕೆ ಏಳುವುದು, ಚಾಟ್‌ನಲ್ಲಿ ಹಸಿರು ಚುಕ್ಕೆ ಇಡೀ ದಿನ ಉರಿಯುವುದು, ಇವನ್ನೆಲ್ಲ ನಾನು ಶಿಸ್ತು ಎಂದು ಎಣಿಸುವುದಿಲ್ಲ. ಕೊಟ್ಟ ಮಾತು ತಪ್ಪುವಂತಿದ್ದರೆ ಗಡುವಿಗೆ ಎಷ್ಟು ಮೊದಲು ತಿಳಿಸಿದರು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ. ಅವಳದು ನಾಲ್ಕು ಗಂಟೆ ಮೊದಲು. ನಮ್ಮಲ್ಲಿ ‘ಐದು ನಿಮಿಷದಾಗ ಬಂದೆ’ ಎಂದವರನ್ನು ಅರ್ಧ ತಾಸಿನ ಮೇಲೆ ಮತ್ತೊಮ್ಮೆ ಫೋನ್ ಮಾಡಿ ಕರೆಸಿಕೊಳ್ಳಬಹುದು. ಶಿಕಾಗೊದಲ್ಲಿ ಮಲಗಿದವರಿಗೆ ಆ ಸೌಲಭ್ಯವಿಲ್ಲ.

ಇಬ್ಬರೂ ಉತ್ತರವಾಗಿ ಕಳಿಸಿದ ಕೊನೆಯ ಟಿಪ್ಪಣಿಗಳಿಗೆ ಅಂಕ ಕೊಟ್ಟದ್ದು ನಾನಲ್ಲ. ಹೆಸರು ಅಳಿಸಿ, ಈ ಕೆಲಸದ ಪರಿಚಯವಿಲ್ಲದ ಶಿಕಾಗೊದ ಸಹೋದ್ಯೋಗಿಗೆ ಕಳಿಸಿ, ಐದು ನಿಮಿಷ ಓದಿ ಮುಂದೇನು ಮಾಡುವಿರಿ ಎಂದು ಕೇಳಿದೆ. ಒಂದರಲ್ಲಿ ಅವರು ನೇರವಾಗಿ ಮುಂದಿನ ಹೆಜ್ಜೆ ಹೇಳಿದರು. ಇನ್ನೊಂದಕ್ಕೆ ನಾಲ್ಕು ಪ್ರಶ್ನೆ ಕೇಳಿದರು, ನಿಜವಾದ ಕೆಲಸದಲ್ಲಿ ಪ್ರತಿಯೊಂದೂ ಒಂದೊಂದು ರಾತ್ರಿ ನುಂಗುವಂಥವು.

ಈ ಕ್ರಮಕ್ಕೂ ಮಿತಿಯಿದೆ. ಮೂರು ದಿನ ಚೆನ್ನಾಗಿ ಬರೆದವರು ಮೂರನೆಯ ತಿಂಗಳಲ್ಲಿ ಹೇಗಿರುತ್ತಾರೆಂದು ಅದು ಹೇಳುವುದಿಲ್ಲ. ಮನೆಯಲ್ಲಿ ಕೂಸು ಇರುವವರಿಗೆ, ಹಗಲು ಬೇರೆ ನೌಕರಿ ಇರುವವರಿಗೆ ನಾನು ಆರಿಸಿದ ದಿನಗಳೇ ಅಡ್ಡಿಯಾಗಬಹುದು. ಆದ್ದರಿಂದ ಈಗ ದಿನಗಳನ್ನು ಅವರೇ ಆರಿಸುತ್ತಾರೆ. ಇನ್ನೊಂದು ಕೊರತೆ ನನ್ನದೇ: ಸಂದೇಶ ಹೇಗಿರಬೇಕೆಂದು ಯಾರೂ ಹೇಳಿಕೊಡದವರನ್ನು ಅದೇ ಕಾರಣಕ್ಕೆ ಬಿಟ್ಟುಬಿಡುತ್ತಿದ್ದೆ.

ಗದಗಿನ ಹುಡುಗಿ ಆಗಸ್ಟ್‌ನಲ್ಲಿ ಸೇರಿದಳು. ರಾಣೆಬೆನ್ನೂರಿನ ಹುಡುಗನಿಗೆ ಅವನ ಎರಡು ಸಂದೇಶಗಳನ್ನೂ, ನಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಎಂಬುದನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಎರಡು ದಿನಗಳ ಮೇಲೆ ಉತ್ತರ ಬಂತು: ‘ಓದಿದೆ ಸರ್. ನವೆಂಬರ್ ಆದ ಮೇಲೆ ಶಿಕಾಗೊದಲ್ಲಿ ಸಂಜೆ 7ರ ಬದಲು 6ರಿಂದಲೇ ಬಿಲ್ಲಿನ ದಿನಾಂಕ ಜಾರುತ್ತದೆ, ನನ್ನ ಟಿಪ್ಪಣಿಯಲ್ಲಿ ಇದನ್ನು ಬಿಟ್ಟಿದ್ದೆ. ತಿದ್ದಿದ ಪ್ರತಿಯನ್ನು ಶುಕ್ರವಾರ ಸಂಜೆ 5ಕ್ಕೆ, ಭಾರತದ ಸಮಯ, ಕಳಿಸುತ್ತೇನೆ.’ ಮುಂದಿನ ಹುದ್ದೆಯ ಪಟ್ಟಿಯಲ್ಲಿ ಅವನ ಹೆಸರು ಮೊದಲಿಗಿದೆ.