ಐದು ಸಾವಿರ ರೂಪಾಯಿಯ ನಾಮಕರಣ

ನಮ್ಮ ಊರಿನ ಗುಡ್ಡದ ಮೇಲೆ ವೀಕ್ಷಣಾ ಗೋಪುರವೊಂದು ಎದ್ದು ನಿಂತಿದೆ. ಕೊಡಗಿನ ಬೇರೆಲ್ಲ ಗುಡ್ಡಗಳಂತೆ ಇಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿನ ಹೊರತು ಬೇರೇನೂ ಕಾಣುವುದಿಲ್ಲವಾದ್ದರಿಂದ, ಅದನ್ನು ಕಟ್ಟಿದ ಸಮಿತಿಯು ಕಾಣದ ನೋಟಕ್ಕಿಂತ ಕೇಳುವ ಹೆಸರಿನ ಕಡೆಗೆ ಗಮನ ಹರಿಸಿದ್ದು ಸಹಜವೇ ಆಗಿತ್ತು. ಜುಲೈ ತಿಂಗಳ ಮೊದಲ ವಾರದಲ್ಲಿ ಬಸ್ ನಿಲ್ದಾಣದ ಕಂಬಕ್ಕೆ ಒಂದು ಭಿತ್ತಿಪತ್ರ ಅಂಟಿತು. 'ಗೋಪುರಕ್ಕೆ ಸೂಕ್ತ ಹೆಸರು ಸೂಚಿಸಿ, ₹5,000 ಬಹುಮಾನ ಗೆಲ್ಲಿರಿ' ಎಂಬ ಸಾಲಿನ ಕೆಳಗೆ ಸ್ಪರ್ಧೆಯ ನಿಯಮಗಳು ಎಂಬ ತಲೆಬರಹವಿತ್ತು; ಅದರ ಕೆಳಗೆ ಇದ್ದ ನಿಯಮ ಒಂದೇ, 'ಸಮಿತಿಯ ತೀರ್ಮಾನವೇ ಅಂತಿಮ'. ಇಡೀ ಸ್ಪರ್ಧೆಯಲ್ಲಿ ಯಾರಿಗೂ ಯಾವ ಸಂಶಯವೂ ಬಾರದಷ್ಟು ಸ್ಪಷ್ಟವಾಗಿದ್ದ ನಿಯಮವೆಂದರೆ ಅದೊಂದೇ ಎಂಬುದನ್ನು ಸಮಿತಿಯ ವಿರೋಧಿಗಳೂ ಒಪ್ಪುತ್ತಾರೆ.

ಹೆಸರು ಹಾಕಲು ಇಟ್ಟ ತಗಡಿನ ಡಬ್ಬಕ್ಕೆ ಬೀಗವಿತ್ತು; ಆದರೆ ಬೀಗದ ಕೈ ಕಳೆದುಹೋಗದಿರಲಿ ಎಂಬ ಮುಂಜಾಗ್ರತೆಯಿಂದ ಅದನ್ನು ಡಬ್ಬದ ಪಕ್ಕದ ಮೊಳೆಗೇ ನೇತು ಹಾಕಲಾಗಿತ್ತು. ಡಬ್ಬ ಜಗಲಿಯಲ್ಲಿತ್ತು, ಮತ್ತು ನಮ್ಮಲ್ಲಿ ಕಕ್ಕಡ ತಿಂಗಳ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡವಾಗಿ ಬೀಳುವುದೇ ಹೆಚ್ಚು. ಕೊನೆಯ ದಿನಾಂಕವನ್ನು ಮೂರು ಬಾರಿ ಮುಂದೂಡಿ, ಅದನ್ನು ಮೂರೂ ಬಾರಿ ಸಮಿತಿಯ ಸದಸ್ಯರಿಗೆ ಮಾತ್ರ ತಿಳಿಸಿ, ಕಡೆಗೆ ಡಬ್ಬ ತೆರೆದಾಗ 212 ಚೀಟಿಗಳು ದೊರೆತವು. ಅವುಗಳಲ್ಲಿ 17 ಚೀಟಿಗಳ ಶಾಯಿ ಕರಗಿ, ಹೆಸರಿನ ಜಾಗದಲ್ಲಿ ಮೋಡದಂಥ ಆಕೃತಿಗಳು ಮೂಡಿದ್ದವು. ಆ ಗೋಪುರಕ್ಕೆ ಅವೇ ಹೆಚ್ಚು ಹೊಂದುತ್ತಿದ್ದವೆಂದು ನನ್ನ ಅನಿಸಿಕೆ.

ಉಳಿದ ಚೀಟಿಗಳಲ್ಲಿ 58 'ಕಾವೇರಿ' ಎಂದಿದ್ದವು. ಗೋಪುರದ ತುದಿಯಿಂದ ಆಕಾಶ ತಿಳಿಯಾಗಿರುವ ದಿನವೂ ಕಾವೇರಿ ಕಾಣುವುದಿಲ್ಲ. ಆದರೆ ತಲಕಾವೇರಿಯಿರುವ ಜಿಲ್ಲೆಯಲ್ಲಿ ಯಾವುದಕ್ಕೇ ಹೆಸರು ಕೇಳಿದರೂ ಮೊದಲು ಬಾಯಿಗೆ ಬರುವ ಹೆಸರು ಅದೇ. ಅಂಗಡಿಯಿಂದ ಹಿಡಿದು ಬಸ್ಸಿನವರೆಗೆ ಆ ಹೆಸರು ಹೊತ್ತವು ನಮ್ಮಲ್ಲಿ ಬೇಕಾದಷ್ಟಿವೆ. ನಾಮಕರಣದ ಸ್ಪರ್ಧೆ ಮಿಕ್ಕ ಸ್ಪರ್ಧೆಗಳಿಂದ ಬೇರೆಯಾಗುವುದು ಇಲ್ಲಿಯೇ. ಇಬ್ಬರು ಒಂದೇ ಚಿತ್ರ ಬರೆಯುವುದಿಲ್ಲ, ಇಬ್ಬರು ಒಂದೇ ಕವಿತೆ ಕಟ್ಟುವುದಿಲ್ಲ. ಆದರೆ ಒಂದೇ ಹೆಸರನ್ನು ಐವತ್ತೆಂಟು ಜನ ಒಬ್ಬರನ್ನೊಬ್ಬರು ನೋಡದೆಯೇ ಬರೆಯಬಲ್ಲರು. ಆದ್ದರಿಂದ ಇಂಥ ಸ್ಪರ್ಧೆ ನಡೆಸುವವರು ಭಿತ್ತಿಪತ್ರ ಅಚ್ಚಿಗೆ ಹೋಗುವ ಮೊದಲೇ ತೀರ್ಮಾನಿಸಬೇಕಾದದ್ದು, ಗೆದ್ದ ಹೆಸರನ್ನು ಹಲವರು ಕಳುಹಿಸಿದ್ದರೆ ಬಹುಮಾನ ಯಾರಿಗೆ ಎಂಬುದನ್ನು. ಅದಕ್ಕೆ ಬಳಕೆಯಲ್ಲಿರುವ ದಾರಿಗಳು ಎರಡು ಮೂರೇ: ಮೊದಲು ತಲುಪಿದವರಿಗೆ ಕೊಡುವುದು, ಚೀಟಿ ಎತ್ತುವುದು, ಅಥವಾ ಹೆಸರಿನ ಜೊತೆ ಐವತ್ತು ಪದಗಳಲ್ಲಿ ಕಾರಣ ಬರೆಸಿ, ಚೆನ್ನಾಗಿ ಬರೆದವರಿಗೆ ಕೊಡುವುದು. ಮೊದಲನೆಯದಕ್ಕೆ ಚೀಟಿ ಬಂದ ಕೂಡಲೇ ದಿನಾಂಕದ ಮುದ್ರೆ ಒತ್ತಿ ಕ್ರಮಸಂಖ್ಯೆ ಹಾಕುವ ಒಬ್ಬ ಮನುಷ್ಯ ಬೇಕು. ಎರಡನೆಯದರಲ್ಲಿ ಜಾಣತನದ ಸ್ಪರ್ಧೆ ಕಡೆಯ ಗಳಿಗೆಯಲ್ಲಿ ಲಾಟರಿಯಾಗಿಬಿಡುತ್ತದೆ. ಮೂರನೆಯದೇ ಮೇಲು, ಏಕೆಂದರೆ 'ಕಾವೇರಿ' ಎಂದು ಬರೆಯಲು ಎಲ್ಲರಿಗೂ ಬರುತ್ತದೆ, ಏಕೆ ಎಂದು ಬರೆಯಲು ಎಲ್ಲರಿಗೂ ಬರುವುದಿಲ್ಲ. ನಮ್ಮ ಸಮಿತಿಯ ಬಳಿ ಮುದ್ರೆಯೂ ಇರಲಿಲ್ಲ, ಕಾರಣವನ್ನೂ ಕೇಳಿರಲಿಲ್ಲ.

ಕೇಳದಿದ್ದರೂ ಕಾರಣ ಬರೆದಿದ್ದವಳು ಒಬ್ಬಳೇ, ಏಳನೆಯ ತರಗತಿಯ ಒಬ್ಬ ಹುಡುಗಿ. ಅವಳು ಸೂಚಿಸಿದ ಹೆಸರು 'ಮುಗಿಲುಕಟ್ಟೆ'. ವರ್ಷದ ಬಹುಪಾಲು ಅಲ್ಲಿಂದ ಕಾಣುವುದು ಮುಗಿಲು ಮಾತ್ರ, ಹತ್ತಿ ದಣಿದವರಿಗೆ ಅಲ್ಲಿ ಬೇಕಾಗಿರುವುದು ಕೂರಲು ಒಂದು ಕಟ್ಟೆ ಮಾತ್ರ ಎಂದು ಎರಡು ಸಾಲು ಸೇರಿಸಿದ್ದಳು.

ತೀರ್ಪುಗಾರರು ಮೂವರು: ಸಮಿತಿಯ ಅಧ್ಯಕ್ಷರು, ಒಬ್ಬ ಕಾಫಿ ವ್ಯಾಪಾರಿ, ಮತ್ತು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಮೇಷ್ಟರು ಅಂಕ ಹಾಕುವ ಹಾಳೆಯನ್ನು ತಾವೇ ಗೆರೆ ಎಳೆದು ತಂದಿದ್ದರು. ಜಾಗಕ್ಕೆ ಹೊಂದುತ್ತದೆಯೇ ಎಂಬುದಕ್ಕೆ 10, ನಾಲಗೆಗೆ ಸಲೀಸೇ ಎಂಬುದಕ್ಕೆ 10, ಬೇರೆಲ್ಲೂ ಬಳಕೆಯಾಗಿಲ್ಲವೇ ಎಂಬುದಕ್ಕೆ 10, ಹೀಗೆ ಒಟ್ಟು 30 ಅಂಕ. 'ಕಾವೇರಿ'ಗೆ ಅವರು ಕ್ರಮವಾಗಿ 4, 10 ಮತ್ತು 0 ಕೊಟ್ಟು 14ಕ್ಕೆ ನಿಲ್ಲಿಸಿದರು. 'ಮುಗಿಲುಕಟ್ಟೆ'ಗೆ 9, 8, 10 ಕೊಟ್ಟು 27 ಎಂದು ಬರೆದರು. 'ಅಬ್ಬಿ ವ್ಯೂ' ಎಂಬ ಸೂಚನೆಯನ್ನು ಮೊದಲಿಗೇ ಬದಿಗಿಟ್ಟರು. ಅಬ್ಬಿ ಎಂದರೇ ಜಲಪಾತ. ಅದಕ್ಕೆ ಬ್ರಿಟಿಷರು ಜೆಸ್ಸಿ ಫಾಲ್ಸ್ ಎಂದು ಹೆಸರಿಟ್ಟದ್ದು ಅಳಿಸಿಹೋಯಿತೆಂದು ನಾವು ಹಿಗ್ಗುವಷ್ಟರಲ್ಲಿ ಅದು ಅಬ್ಬಿ ಫಾಲ್ಸ್ ಆಗಿ, ಪ್ರವಾಸಿಗರ ಬಾಯಲ್ಲಿ ಜಲಪಾತದ ಜಲಪಾತವಾಗಿ ಕುಳಿತಿದೆ. ಗೋಪುರದಿಂದ ಯಾವ ಅಬ್ಬಿಯೂ ಕಾಣದಿರುವಾಗ ಆ ಪದಕ್ಕೆ ಇನ್ನೊಂದು ಬಾಲ ಅಂಟಿಸುವುದು ಬೇಡವೆಂಬುದು ಅವರ ವಾದವಾಗಿತ್ತು.

ಚೀಟಿಗಳ ಮೇಲೆ ಹೆಸರಿನ ಕೆಳಗೇ ಕಳುಹಿಸಿದವರ ವಿಳಾಸವೂ ಇದ್ದುದರಿಂದ, 'ಸಮೀಕ್ಷಾ ಗೋಪುರ' ಎಂಬ ಸೂಚನೆ ಅಧ್ಯಕ್ಷರ ಮನೆಯಿಂದಲೇ ಬಂದದ್ದೆಂದು ಎಲ್ಲರಿಗೂ ತಿಳಿಯಿತು. ಸಮೀಕ್ಷಾ ಎಂಬುದು ಅವರ ಮೊಮ್ಮಗಳ ಹೆಸರು ಎಂಬುದು ಮೊದಲೇ ತಿಳಿದಿತ್ತು. ಅಧ್ಯಕ್ಷರು ಅದಕ್ಕೆ 30ಕ್ಕೆ 30 ಕೊಟ್ಟರು. 'ಮುಗಿಲುಕಟ್ಟೆ'ಗೆ 3 ಕೊಟ್ಟರು. ಮಿಕ್ಕ ಇಬ್ಬರು 'ಸಮೀಕ್ಷಾ'ಗೆ 15 ಮತ್ತು 16 ಕೊಟ್ಟಿದ್ದರು, 'ಮುಗಿಲುಕಟ್ಟೆ'ಗೆ 27 ಮತ್ತು 25. ಕೂಡಿ ನೋಡಿದಾಗ 'ಸಮೀಕ್ಷಾ' 61, 'ಮುಗಿಲುಕಟ್ಟೆ' 55. ಮೂವರಲ್ಲಿ ಇಬ್ಬರು ಬಹಳ ಮುಂದೆ ಇಟ್ಟ ಹೆಸರನ್ನು ಒಬ್ಬರೇ ಸೋಲಿಸಬಹುದೆಂಬ ಈ ಗಣಿತವನ್ನು ಅಧ್ಯಕ್ಷರು ಯಾವ ಶಾಲೆಯಲ್ಲಿ ಕಲಿತರೋ ತಿಳಿಯದು, ಆದರೆ ಅವರು ಚೆನ್ನಾಗಿ ಕಲಿತಿದ್ದಾರೆ. ಮೇಷ್ಟರು ಅಂಕಗಳನ್ನು ಕೂಡುವ ಬದಲು ಮೂರು ಅಂಕಗಳಲ್ಲಿ ನಡುವಿನದನ್ನು ಮಾತ್ರ ಹಿಡಿಯೋಣ ಎಂದರು. ಹಾಗೆ ಹಿಡಿದರೆ ಒಬ್ಬರ ಅತಿಪ್ರೀತಿಯೂ ಒಬ್ಬರ ಅತಿದ್ವೇಷವೂ ಹೊರಗೆ ಬಿದ್ದು, 'ಸಮೀಕ್ಷಾ' 16ರಲ್ಲೂ 'ಮುಗಿಲುಕಟ್ಟೆ' 25ರಲ್ಲೂ ನಿಲ್ಲುತ್ತವೆ. ಅದಕ್ಕಿಂತ ಮೊದಲು, ತಮ್ಮವರ ಚೀಟಿ ಬಂದಾಗ ಅಧ್ಯಕ್ಷರು ಆ ಸುತ್ತಿನಿಂದ ಎದ್ದು ಹೊರಗೆ ಹೋಗಬೇಕಿತ್ತು ಎಂದೂ, ಚೀಟಿಗಳ ವಿಳಾಸದ ಭಾಗವನ್ನು ಕತ್ತರಿಸಿ ಕ್ರಮಸಂಖ್ಯೆ ಮಾತ್ರ ಉಳಿಸಿ ತೀರ್ಪುಗಾರರಿಗೆ ಕೊಡಬೇಕಿತ್ತು ಎಂದೂ ಸೇರಿಸಿದರು. 'ಮೇಷ್ಟ್ರೇ, ಇದು ಪರೀಕ್ಷೆ ಅಲ್ಲ, ಹಬ್ಬ' ಎಂದು ಅಧ್ಯಕ್ಷರು ನಕ್ಕರಂತೆ.

ಜಗಳ ಬಿಡಿಸಲು ಕಾಫಿ ವ್ಯಾಪಾರಿ ಮುಂದಿಟ್ಟ ಸೂತ್ರವನ್ನು ಇಬ್ಬರೂ ಒಪ್ಪಿದರು: ಪ್ರಜಾಪ್ರಭುತ್ವದಲ್ಲಿ ಬಹುಮತವೇ ದೊಡ್ಡದು, ಆದ್ದರಿಂದ ಹೆಚ್ಚು ಚೀಟಿಗಳಲ್ಲಿ ಬಂದ ಹೆಸರೇ ಗೆಲ್ಲಲಿ. ಸೂಚನೆ ಬೇರೆ, ಮತ ಬೇರೆ ಎಂಬುದನ್ನು ಯಾರೂ ನೆನೆಯಲಿಲ್ಲ. ಚೀಟಿ ಹಾಕಿದವರು ಹೆಸರೊಂದನ್ನು ಹೊಳೆಯಿಸಿಕೊಳ್ಳಲು ಹೊರಟವರೇ ಹೊರತು, ಮಿಕ್ಕ ಹೆಸರುಗಳನ್ನು ನೋಡಿ ಒಂದನ್ನು ಆರಿಸಿದವರಲ್ಲ. ಹೆಚ್ಚು ಜನರಿಗೆ ಹೊಳೆದ ಹೆಸರನ್ನು ಗೆಲ್ಲಿಸುವುದೆಂದರೆ ಅತ್ಯಂತ ಸುಲಭವಾಗಿ ಹೊಳೆಯುವ ಹೆಸರಿಗೆ ಬಹುಮಾನ ಕೊಟ್ಟಂತೆ.

ಎಣಿಕೆಗೆ ಶರಣಾದ ದೊಡ್ಡವರೂ ಇದ್ದಾರೆಂಬುದೇ ನಮ್ಮ ಸಮಿತಿಗೆ ಸಮಾಧಾನ. 2006ರಲ್ಲಿ ಹಂಗೆರಿಯವರು ಬುಡಾಪೆಸ್ಟಿನ ಉತ್ತರಕ್ಕೆ ಡ್ಯಾನ್ಯೂಬ್ ನದಿಗೆ ಕಟ್ಟುತ್ತಿದ್ದ ಸೇತುವೆಗೆ ಅಂತರ್ಜಾಲದಲ್ಲಿ ಹೆಸರು ಕೇಳಿದರು. ಅಮೆರಿಕದ ದೂರದರ್ಶನದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ತನ್ನ ಹೆಸರಿಗೆ ಮತ ಹಾಕಿರೆಂದು ವೀಕ್ಷಕರನ್ನು ಕೇಳಿಕೊಂಡನು, ಮತ್ತು ಒಂದು ಕೋಟಿಯಷ್ಟು ಜನಸಂಖ್ಯೆಯ ದೇಶದ ಸೇತುವೆಗೆ ಅವನೊಬ್ಬನಿಗೇ 1 ಕೋಟಿ 70 ಲಕ್ಷ ಮತಗಳು ಬಿದ್ದವು. ಅಲ್ಲಿನ ರಾಯಭಾರಿ ಆಮೇಲೆ ವಿವರಿಸಿದ ನಿಯಮದಂತೆ ಹೆಸರಿನ ವ್ಯಕ್ತಿಗೆ ಹಂಗೆರಿಯನ್ ಭಾಷೆ ಬರಬೇಕಿತ್ತು, ಮತ್ತು ಅವನು ಸತ್ತಿರಬೇಕಿತ್ತು. ಬದುಕಿರುವವರ ಹೆಸರು ಬೇಡವೆಂಬ ನಿಯಮ ಒಳ್ಳೆಯದೇ; ಅದನ್ನು ಮತದಾನಕ್ಕೆ ಮೊದಲು ಎಲ್ಲರಿಗೂ ಕಾಣುವಂತೆ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು. ಕಡೆಗೆ ಸೇತುವೆ ಕೂಡಿಸುವ ಎರಡು ದಂಡೆಗಳ ಊರುಗಳ ಹೆಸರಿನಲ್ಲಿದ್ದ ತುಣುಕನ್ನೇ ಹಿಡಿದು, ಹೆಸರುಗಳ ಸಮಿತಿ ಅದನ್ನು ಮೆಗ್ಯೇರಿ ಸೇತುವೆ ಎಂದು ಕರೆಯಿತು.

ಇದಕ್ಕೆ ಎದುರಾದದ್ದು ನಾಸಾದವರು ಮಂಗಳ ಗ್ರಹಕ್ಕೆ 2020ರಲ್ಲಿ ಕಳುಹಿಸಿದ ಗಾಡಿಯ ನಾಮಕರಣ. ಶಾಲಾಮಕ್ಕಳು ಹೆಸರಿನ ಜೊತೆ ಪ್ರಬಂಧ ಬರೆಯಬೇಕಿತ್ತು. ಬಂದ 28,000 ಪ್ರಬಂಧಗಳನ್ನು ಸುಮಾರು 4,700 ಸ್ವಯಂಸೇವಕ ತೀರ್ಪುಗಾರರು ಓದಿ 155ಕ್ಕೆ ಇಳಿಸಿದರು, ಆಮೇಲೆ ಒಂಬತ್ತು ಹೆಸರುಗಳು ಉಳಿದವು. ಸಾರ್ವಜನಿಕರ ಮತ ಬಂದದ್ದು ಆ ಒಂಬತ್ತಕ್ಕೆ ಮಾತ್ರ, ಅದೂ ಸಲಹೆಯ ರೂಪದಲ್ಲಿ. ಜನ ಏನೇ ತಮಾಷೆ ಮಾಡಿದರೂ ಒಂಬತ್ತರಲ್ಲಿ ಒಂದೇ ಗೆಲ್ಲಬೇಕಿತ್ತು, ಮತ್ತು ಒಂಬತ್ತೂ ಹೆಸರುಗಳು ಗಾಡಿಗೆ ಒಪ್ಪುವಂಥವೇ ಆಗಿದ್ದವು. ಏಳನೆಯ ತರಗತಿಯ ಒಬ್ಬ ಹುಡುಗನ 'ಪರ್ಸಿವಿಯರೆನ್ಸ್' ಉಳಿಯಿತು. ನಮ್ಮ ಏಳನೆಯ ತರಗತಿಯ ಹುಡುಗಿ ಮಂಗಳ ಗ್ರಹಕ್ಕೆ ಬರೆದಿದ್ದರೆ ಚೆನ್ನಾಗಿತ್ತು.

ಇಲ್ಲಿ 'ಕಾವೇರಿ' ಗೆದ್ದಿತು. ಗೆದ್ದವರು ಐವತ್ತೆಂಟು ಜನರಾದ್ದರಿಂದ ₹5,000ವನ್ನು ಸಮನಾಗಿ ಹಂಚಬೇಕೆಂದು ಸಮಿತಿ ನಿರ್ಣಯ ಕೈಗೊಂಡಿತು; ತಲೆಗೆ 86 ರೂಪಾಯಿ 20 ಪೈಸೆ, ಉಳಿದ 40 ಪೈಸೆ ಗೋಪುರದ ನಿರ್ವಹಣಾ ನಿಧಿಗೆ. ಐವತ್ತೆಂಟು ಚೆಕ್ಕುಗಳಿಗೆ ಅಧ್ಯಕ್ಷರು ಒಂದೇ ದಿನ ಸಹಿ ಮಾಡಿ ಬೆರಳು ನೋಯಿಸಿಕೊಂಡರು. ಬಹುಮಾನ ವಿತರಣೆಯ ಶಾಮಿಯಾನ, ಹಾರ, ಶಾಲು ಮತ್ತು ಕಾಫಿಗೆ ಬಹುಮಾನಕ್ಕಿಂತ ಹೆಚ್ಚು ಖರ್ಚಾಯಿತು. ಅಷ್ಟರಲ್ಲಿ ಗೋಪುರದ ಮಾಲೀಕತ್ವ ಹೊಂದಿದ ಕಚೇರಿಯಿಂದ ಪತ್ರ ಬಂದು, ಸರ್ಕಾರಿ ಜಾಗದ ಕಟ್ಟಡಕ್ಕೆ ಹೆಸರಿಡುವ ಅಧಿಕಾರ ಸಮಿತಿಗೆ ಇಲ್ಲವೆಂದೂ, ಬೇಕಾದರೆ ಸೂಚನೆಯನ್ನಷ್ಟೇ ಕಳುಹಿಸಬಹುದೆಂದೂ ತಿಳಿಸಿತು. ಮೇಷ್ಟರು ಮೊದಲ ಸಭೆಯಲ್ಲೇ ಇದನ್ನು ಹೇಳಿದ್ದರಂತೆ: ಬಹುಮಾನ ಅತ್ಯುತ್ತಮ ಸೂಚನೆಗೆ, ಹೆಸರಿಡುವ ತೀರ್ಮಾನ ಅಧಿಕಾರ ಉಳ್ಳವರಿಗೆ, ಇವೆರಡನ್ನೂ ಬೇರೆಬೇರೆ ವಾಕ್ಯಗಳಲ್ಲಿ ಬರೆಯಿರಿ, ಹೆಸರು ಒಪ್ಪಿಗೆಯಾಗದಿದ್ದರೂ ಬಹುಮಾನ ಕೊಡುತ್ತೇವೆಂದು ಸೇರಿಸಿರಿ ಎಂದು. ಆ ಸಭೆಯ ನಡಾವಳಿ ಪುಸ್ತಕವೂ ಜಗಲಿಯಲ್ಲೇ ಇತ್ತಾದ್ದರಿಂದ ಅದರ ಶಾಯಿಯೂ ಕರಗಿದೆ.

ಗೋಪುರ ಈಗಲೂ ಫಲಕವಿಲ್ಲದೆ ನಿಂತಿದೆ. ಅದರ ಬುಡದಲ್ಲಿ ಹೊಸದಾಗಿ ಕಟ್ಟಿದ ಶೌಚಾಲಯಕ್ಕೆ ಹೆಸರು ಸೂಚಿಸುವಂತೆ ಕೋರಿ ಕಳೆದ ವಾರ ಬಸ್ ನಿಲ್ದಾಣದ ಕಂಬದಲ್ಲಿ ಭಿತ್ತಿಪತ್ರ ಅಂಟಿದೆ. ಹಳೆಯ ಭಿತ್ತಿಪತ್ರವೇ ಅದು. 'ಗೋಪುರ' ಎಂಬ ಪದವನ್ನೂ ಕೊನೆಯ ದಿನಾಂಕವನ್ನೂ ಮಾತ್ರ ಪೆನ್ನಿನಿಂದ ತಿದ್ದಿದ್ದಾರೆ.