ಹದಿಮೂರನೇ ಬುಲೆಟ್‌ನಲ್ಲಿ ಕಟ್ಟಿಕೊಂಡ ಕಾಲುವೆ

ಮಳೆಗಾಲಕ್ಕೆ ಮುಂಚೆ ನಮ್ಮ ನಗರಗಳಲ್ಲಿ ಹೂಳೆತ್ತುತ್ತಾರೋ ಇಲ್ಲವೋ, ಹೂಳೆತ್ತಿದ ಬಗ್ಗೆ ಪಿಪಿಟಿ ಮಾಡುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ.

ಅಂಥ ಒಂದು ಪ್ರಗತಿ ಪರಿಶೀಲನಾ ಸಭೆಯ ಸ್ಲೈಡ್ ಹೇಳುತ್ತೇನೆ ಕೇಳಿ. ಊರ ಹೆಸರು ಬೇಡ, ಎಲ್ಲಾ ಕಡೆ ಅದೇ ಸ್ಲೈಡ್. ತಲೆಬರಹ 'ರಾಜಕಾಲುವೆ ನಿರ್ವಹಣೆ: ಪ್ರಗತಿ ವಿವರ'. ಎಡಕ್ಕೊಂದು ಲಾಂಛನ, ಬಲಕ್ಕೊಂದು ಲಾಂಛನ, ನಡುವೆ ಉಳಿದ ಜಾಗದಲ್ಲಿ 13 ಬುಲೆಟ್. ಟೆಂಡರ್ ಕರೆದಿದ್ದು, ಕಾರ್ಯಾದೇಶ ಕೊಟ್ಟಿದ್ದು, ಜೆಸಿಬಿ ಬಂದಿದ್ದು, ಎಲ್ಲವೂ 'ಕ್ರಮ ವಹಿಸಲಾಗಿದೆ' ಎಂದೇ ಮುಗಿಯುತ್ತವೆ. ಯಾರು ವಹಿಸಿದರು ಅಂತ ಮಾತ್ರ ಎಲ್ಲೂ ಇಲ್ಲ. ಏಳನೆಯದು ಹಸಿರು ಬಣ್ಣದ ದಪ್ಪ ಅಕ್ಷರದಲ್ಲಿ: '10 ಕಿ.ಮೀ. ಪೈಕಿ 9 ಕಿ.ಮೀ. ಹೂಳು ತೆರವು, ಪ್ರಗತಿ ಶೇ. 90.' ಹದಿಮೂರನೆಯದು ಕನ್ನಡಕ ಹಾಕಿದವರಿಗೂ ಕಾಣದಷ್ಟು ಸಣ್ಣಗೆ: 'ಒಂದು ಕಡೆ ಒತ್ತುವರಿ ತೆರವು ಸರ್ವೆ ಹಂತದಲ್ಲಿದೆ.' ಸಭೆಯ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಇದಿಷ್ಟೂ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯ ಮೇಲೆ ಬರುತ್ತದೆ. ಆಗಲೂ ಸಭೆ ನಿಲ್ಲುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ.

ಈ ಸಲ ಒಂದು ಅನಾಹುತವಾಯಿತು. ಗುತ್ತಿಗೆ ಮೇಲಿದ್ದ ಕಂಪ್ಯೂಟರ್ ಆಪರೇಟರ್ ಹುಡುಗಿಗೆ ಸಾಹೇಬರು "ಸ್ವಲ್ಪ ನೀಟಾಗಿ ಮಾಡಮ್ಮ" ಅಂದರು. ಬಾರ್ಡರ್ ಹಾಕಿ, ಬಣ್ಣ ಬಳಿ ಅಂತ ಅವರ ಅರ್ಥ. ಪಾಪ, ಅವಳು ಓದಿ ನೋಡಿದಳು.

ಮೊದಲು ಪ್ರತಿ ಬುಲೆಟ್ಟಿಗೂ ಒಂದೇ ಪ್ರಶ್ನೆ ಹಾಕಿದಳು: ಇದನ್ನು ಕೇಳಿ ಸಭೆಯಲ್ಲಿ ಯಾರಾದರೂ ಏನಾದರೂ ತೀರ್ಮಾನ ಮಾಡುತ್ತಾರಾ? ಇಲ್ಲ ಅಂದದ್ದೆಲ್ಲ ಸ್ಲೈಡ್ ಕೆಳಗಿನ ನೋಟ್ಸಿಗೆ ಹೋಯಿತು. ಅಳಿಸಲಿಲ್ಲ, ಕೇಳಿದರೆ ಓದಿ ಹೇಳಬಹುದಲ್ವಾ. ಉಳಿದದ್ದು ಎರಡು, ಏಳನೆಯದು ಮತ್ತು ಹದಿಮೂರನೆಯದು. ಆಮೇಲೆ ಬುಲೆಟ್ ಬಿಟ್ಟು ಕಾಲುವೆಯನ್ನೇ ಬರೆದಳು, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ, ನೀರು ಹರಿಯುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಒಂದು ಗೆರೆ. ಹೂಳು ತೆಗೆದ ಭಾಗ ಬೂದು, ತೆಗೆಯದ ತುಂಡು ಕೆಂಪು, ಬೇರೆ ಬಣ್ಣವೇ ಇಲ್ಲ. ಕೊನೆಗೆ ಹೋದ ವರ್ಷ ಮನೆಗೆ ನೀರು ನುಗ್ಗಿದ ದೂರುಗಳ ಪಟ್ಟಿ ತೆಗೆದು, ಒಂದು ದೂರಿಗೆ ಒಂದು ಚುಕ್ಕಿಯಂತೆ ಅದೇ ಗೆರೆಯ ಮೇಲೆ ಇಟ್ಟಳು.

ಚುಕ್ಕಿಗಳೆಲ್ಲ ಕೆಂಪು ತುಂಡಿನ ಬೆನ್ನಿಗೇ, ಅದರ ಮೇಲ್ಗಡೆ, ಇರುವೆ ಮುತ್ತಿದ ಹಾಗೆ ಕೂತವು. ಯಾಕೆಂದರೆ ಕಾಲುವೆಯಲ್ಲಿ ನೀರು ಶೇಕಡಾ ಲೆಕ್ಕದಲ್ಲಿ ಹರಿಯುವುದಿಲ್ಲ. ಎಲ್ಲಿ ತೀರಾ ಕಿರಿದಾಗಿದೆಯೋ ಅಲ್ಲಿ ಹಿಡಿಸುವಷ್ಟೇ ಮುಂದೆ ಹೋಗುತ್ತದೆ, ಮಿಕ್ಕಿದ್ದು ಹಿಂದಕ್ಕೆ ಏರಿ ಪಕ್ಕದ ಅಡುಗೆಮನೆಗೆ ನುಗ್ಗುತ್ತದೆ. ಹಾಗಾಗಿ ತಲೆಬರಹವನ್ನೂ ಬದಲಿಸಿದಳು: '9 ಕಿ.ಮೀ. ಸ್ವಚ್ಛ, ಉಳಿದ 1 ಕಿ.ಮೀ. ಬಿಡಿಸದೆ ನೀರು ಇಳಿಯುವುದಿಲ್ಲ.' ಬರೀ ತಲೆಬರಹ ಓದಿದರೂ ವಿಷಯ ಗೊತ್ತಾಗಬೇಕು ಅನ್ನುವುದು ಅವಳ ಹಟ. ಎಂಥ ಅಪಾಯಕಾರಿ ಹಟ!

ಇದು ನಮ್ಮೂರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆಯ ರೆಕ್ಕೆಗೆ ಫೋಮ್ ತುಂಡು ಬಡಿದಾಗ, ನಾಸಾದವರ ಮುಂದೆ ಎಂಜಿನಿಯರುಗಳು ಇಟ್ಟಿದ್ದೂ ಇಂಥದ್ದೇ ಒಂದು ಸ್ಲೈಡ್. ತಲೆಬರಹ ಧೈರ್ಯ ಹೇಳುವ ಹಾಗಿತ್ತು. ಬಡಿದ ತುಂಡು 1,920 ಘನ ಇಂಚು, ಪರೀಕ್ಷೆ ನಡೆದಿದ್ದು ಬರೀ 3 ಘನ ಇಂಚಿನ ತುಂಡಿನ ಮೇಲೆ ಅನ್ನುವ ಮಾತು ಬುಲೆಟ್ಟಿನೊಳಗಿನ ಬುಲೆಟ್ಟಿನೊಳಗೆ, ಎಲ್ಲಕ್ಕಿಂತ ಕೆಳಗಿತ್ತು. ಕಲ್ಪನಾ ಚಾವ್ಲಾ ಸೇರಿ 7 ಜನ ವಾಪಸ್ ಬರಲಿಲ್ಲ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನೇ ಎತ್ತಿ ತೋರಿಸಿತು. ಎರಡು ಚೌಕ ಪಕ್ಕಪಕ್ಕ ಬರೆದಿದ್ದರೆ, ಒಂದು ಕಣ್ಣಿಗೆ ಕಾಣದಷ್ಟು ಚಿಕ್ಕದು, ಇನ್ನೊಂದು ತೆರೆ ತುಂಬ, ಯಾರಾದರೂ ಒಂದು ಪ್ರಶ್ನೆಯಾದರೂ ಕೇಳುತ್ತಿದ್ದರು ಅನಿಸುತ್ತದೆ.

ನಮ್ಮ ಸಭೆಯಲ್ಲೂ ಪ್ರಶ್ನೆ ಬಂತು, ಬರಬಾರದಾಗಿತ್ತು. ಸ್ಲೈಡ್ ತೆರೆಗೆ ಬಿದ್ದ ಕ್ಷಣದಲ್ಲೇ ಹಿಂದಿನ ಸಾಲಿನಿಂದ ಒಬ್ಬರು "ಆ ಕೆಂಪು ಜಾಗದಲ್ಲಿ ಇರೋ ಕಟ್ಟಡ ಯಾರದ್ದು ಸಾರ್?" ಅಂದುಬಿಟ್ಟರು. 13 ಬುಲೆಟ್ ಇದ್ದಾಗ ಇಷ್ಟು ವರ್ಷ ಯಾರ ಬಾಯಲ್ಲೂ ಬಾರದ ಪ್ರಶ್ನೆ! ಒಬ್ಬರು ನೀರಿನ ಬಾಟಲಿ ಮುಚ್ಚಳ ತಿರುಗಿಸತೊಡಗಿದರು, ಇನ್ನೊಬ್ಬರಿಗೆ ಫೋನ್ ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡು, "ವಿವರ ಸಾಲದು, ಸ್ಲೈಡ್ ತುಂಬಾ ಖಾಲಿ ಕಾಣ್ತಿದೆ, ಇನ್ನೂ ಸಮಗ್ರವಾಗಿ ತನ್ನಿ" ಅಂತ ಸಭೆ ಮುಂದೂಡಿದರು.

ಮುಂದಿನ ಸಭೆಗೆ ಸಮಗ್ರವಾಗಿಯೇ ಬಂತು. ಈಗ 17 ಬುಲೆಟ್. ಹದಿನಾಲ್ಕನೆಯದು, 'ದೃಶ್ಯ ನಕ್ಷೆ ತಯಾರಿಸಲು ಕ್ರಮ ವಹಿಸಲಾಗಿದೆ.' ಹುಡುಗಿ ಬರೆದ ಕಾಲುವೆಯನ್ನು ಎಸೆಯಲಿಲ್ಲ, ಚೆನ್ನಾಗಿ ಮಾಸಲು ಮಾಡಿ ಬುಲೆಟ್‌ಗಳ ಹಿಂದೆ ಹಿನ್ನೆಲೆ ಚಿತ್ರವಾಗಿ ಹಾಕಿದ್ದಾರೆ, ಆ ಕೆಂಪು ತುಂಡಿನ ಮೇಲೆ ಸರಿಯಾಗಿ ಬಲಗಡೆಯ ಲಾಂಛನ ಕೂತಿದೆ.